ಪ್ರೊಫಿಬಸ್ ಸ್ಟೇಷನ್ ಉತ್ತರಿಸುತ್ತಿಲ್ಲವೋ, ಒಪ್ಪುತ್ತಿಲ್ಲವೋ? ದೋಷ ಹುಡುಕುವ ಕ್ರಮ

ಒಂದು ಡ್ರೈವ್ ಬದಲಿಸಿದ್ದಾರೆ. ಪವರ್ ಕೊಟ್ಟ ಮೇಲೆ ನೋಡಿದರೆ ಆ ಡ್ರೈವ್ ಮಾತ್ರವಲ್ಲ, ಅದರ ಆಚೆಗಿರುವ ಸ್ಟೇಷನ್‌ಗಳೂ ಸಾಲಾಗಿ ಕಾಣೆಯಾಗಿವೆ. ಇಂಥ ಹೊತ್ತಿನಲ್ಲಿ ಒಬ್ಬರು ಸಾಧನದ ವಿವರ ಬರೆದಿರುವ ಜಿಎಸ್‌ಡಿ ಫೈಲ್ ಹುಡುಕುತ್ತಾರೆ, ಇನ್ನೊಬ್ಬರು ಕನೆಕ್ಟರ್ ಬಿಚ್ಚುತ್ತಾರೆ, ಮತ್ತೊಬ್ಬರು ಅಡ್ರೆಸ್ ಸ್ವಿಚ್ ತಿರುಗಿಸುತ್ತಾರೆ. ಮೂರೂ ಒಟ್ಟಿಗೆ ನಡೆದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಆಮೇಲೆ ಯಾರಿಗೂ ಹೇಳಲಾಗುವುದಿಲ್ಲ.

ಪ್ರೊಫಿಬಸ್ ಡಿಪಿಯಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸ್ಟೇಷನ್ ಮಾಸ್ಟರ್‌ಗೆ ಉತ್ತರವನ್ನೇ ಕೊಡುತ್ತಿಲ್ಲವೋ, ಅಥವಾ ಉತ್ತರ ಕೊಟ್ಟು "ನೀನು ಹೇಳುವ ಸಾಧನ ನಾನಲ್ಲ" ಎನ್ನುತ್ತಿದೆಯೋ? ಉತ್ತರವೇ ಇಲ್ಲವಾದರೆ ತಪ್ಪು ಕೇಬಲ್, ಟರ್ಮಿನೇಷನ್, ಅಡ್ರೆಸ್ ಅಥವಾ ಪವರ್‌ನಲ್ಲಿದೆ. ಆಗ ಜಿಎಸ್‌ಡಿ ಫೈಲ್ ಮುಟ್ಟುವ ಅಗತ್ಯವೇ ಇಲ್ಲ. ಉತ್ತರ ಬಂದು ಒಪ್ಪಿಗೆ ಮಾತ್ರ ಸಿಗುತ್ತಿಲ್ಲವಾದರೆ ತಂತಿ ಸಾಕಷ್ಟು ಸರಿಯಾಗಿದೆ ಎಂದರ್ಥ. ಆಗ ಕನೆಕ್ಟರ್ ಬಿಚ್ಚಿ ಕೂರುವುದು ವ್ಯರ್ಥ. ಈ ವಿಂಗಡಣೆ ಹೇಗೆ ಮಾಡುವುದೆಂದು ಒಂದು ಉದಾಹರಣೆಯನ್ನು ಹಿಡಿದು ಕೊನೆಯವರೆಗೆ ನೋಡೋಣ.

ಉದಾಹರಣೆಯ ಸಾಲು

ಕೇಬಲ್ ಹೋಗುವ ಕ್ರಮ ಹೀಗಿದೆ: ಮೊದಲು ಮಾಸ್ಟರ್ ಆದ ಪಿಎಲ್‌ಸಿ, ಅಡ್ರೆಸ್ 2. ಆಮೇಲೆ ರಿಮೋಟ್ ಐಒ 3, ರಿಮೋಟ್ ಐಒ 4, ಡ್ರೈವ್ 11, ಡ್ರೈವ್ 12, ವಾಲ್ವ್ ಟರ್ಮಿನಲ್ 7, ಕೊನೆಗೆ ತೂಕದ ಇಂಡಿಕೇಟರ್ 8. ಒಟ್ಟು ಕೇಬಲ್ ಸುಮಾರು 90 ಮೀಟರ್, ವೇಗ ಸೆಕೆಂಡಿಗೆ 1.5 ಮೆಗಾಬಿಟ್. ಆ ವೇಗದಲ್ಲಿ ಒಂದು ಸೆಗ್ಮೆಂಟ್ 200 ಮೀಟರ್‌ವರೆಗೆ ಇರಬಹುದು, ಹಾಗಾಗಿ ಉದ್ದದ ತಕರಾರಿಲ್ಲ. ಟರ್ಮಿನೇಷನ್ ಪಿಎಲ್‌ಸಿಯಲ್ಲಿ ಒಂದು, ಇಂಡಿಕೇಟರ್‌ನಲ್ಲಿ ಒಂದು ಆನ್ ಇರಬೇಕು. ಬದಲಾಯಿಸಿದ್ದು ಡ್ರೈವ್ 11. ಅದೇ ಕಂಪನಿಯದೇ, ಆದರೆ ಹಳೆಯ ಮಾಡೆಲ್ ಸಿಗದೆ ಅದರ ಮುಂದಿನದನ್ನು ಹಾಕಲಾಗಿದೆ. ಈಗ 3 ಮತ್ತು 4 ಸರಿಯಾಗಿವೆ; 11, 12, 7, 8 ನಾಲ್ಕೂ ಕಾಣೆ.

ಅಡ್ರೆಸ್ ಕ್ರಮವೇ ಬೇರೆ, ಕೇಬಲ್ ಕ್ರಮವೇ ಬೇರೆ ಎಂಬುದನ್ನು ಗಮನಿಸಿ. ಸಾಫ್ಟ್‌ವೇರ್ ಸ್ಟೇಷನ್‌ಗಳನ್ನು ಅಡ್ರೆಸ್ ಪ್ರಕಾರ ಜೋಡಿಸಿ ತೋರಿಸುತ್ತದೆ: 3, 4 ಸರಿ, 7, 8, 11, 12 ಇಲ್ಲ. ಹಾಗೆ ನೋಡಿದರೆ 7ರ ಮೇಲೆ ಅನುಮಾನ ಬರುತ್ತದೆ. ಕಾಗದದ ಮೇಲೆ ಕೇಬಲ್ ಹೋದ ಹಾದಿಯಲ್ಲೇ ಬರೆದು ಕೆಟ್ಟವುಗಳಿಗೆ ಗುರುತು ಹಾಕಿದರೆ, ತೊಂದರೆ 4 ಮತ್ತು 11ರ ನಡುವೆ ಅಥವಾ 11ರಲ್ಲೇ ಶುರುವಾಗುತ್ತದೆ ಎಂಬುದು ತಾನಾಗಿ ಎದ್ದು ಕಾಣುತ್ತದೆ. ಈ ಚೀಟಿ ಇಲ್ಲದೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗಿ ಸಾಗುವುದಿಲ್ಲ.

ಮೊದಲ ಹೆಜ್ಜೆ: ದೀಪ ಓದುವುದು

ಮಾಸ್ಟರ್‌ನ ದೀಪಕ್ಕೂ ಅದು ಕೇಳಿದಾಗ ಉತ್ತರಿಸುವ ಸ್ಲೇವ್‌ನ ದೀಪಕ್ಕೂ ಅರ್ಥ ಒಂದೇ ಅಲ್ಲ. ಸೀಮೆನ್ಸ್ ಸಾಧನಗಳನ್ನೇ ತೆಗೆದುಕೊಂಡರೆ, ಎರಡರ ಮೇಲೂ ಬಿಎಫ್ ಎಂಬ ಕೆಂಪು ದೀಪವಿರುತ್ತದೆ. ಎಸ್7-300 ಸಿಪಿಯುನಲ್ಲಿ ಅದು ಮಿನುಗುತ್ತಿದ್ದರೆ ಬಸ್ ಜೀವಂತವಾಗಿದೆ, ಆದರೆ ಒಂದೋ ಹಲವೋ ಸ್ಲೇವ್‌ಗಳು ಸಂಪರ್ಕದಲ್ಲಿಲ್ಲ ಎಂದು ತಿಳಿಯಬೇಕು. ಅದು ಬಿಡದೆ ಉರಿಯುತ್ತಿದ್ದರೆ ಬಸ್ಸಿನಲ್ಲೇ ಶಾರ್ಟ್ ಇರಬಹುದು, ಪೋರ್ಟ್ ಕೆಟ್ಟಿರಬಹುದು, ಅಥವಾ ಒಂದೇ ಬಸ್ಸಿನ ಇಬ್ಬರು ಮಾಸ್ಟರ್‌ಗಳಿಗೆ ಬೇರೆ ಬೇರೆ ವೇಗ ಕೊಟ್ಟಿರಬಹುದು.

ಇಟಿ 200ಎಂ ರಿಮೋಟ್ ಐಒದ ಮುಖ್ಯ ಮಾಡ್ಯೂಲ್‌ನಲ್ಲಿ ಅದೇ ದೀಪ ಬೇರೆ ಮಾತು ಹೇಳುತ್ತದೆ. ಬಿಡದೆ ಉರಿದರೆ ಅದಕ್ಕೆ ಮಾಸ್ಟರ್‌ನ ಸದ್ದೇ ಕೇಳುತ್ತಿಲ್ಲ, ಬಸ್ಸಿನ ವೇಗ ಎಷ್ಟೆಂದು ಇನ್ನೂ ಹುಡುಕುತ್ತಿದೆ. ಮಿನುಗಿದರೆ ಬಸ್ಸಿನ ಮಾತು ಕೇಳಿಸಿದೆ, ಆದರೆ ಡೇಟಾ ವಿನಿಮಯ ಶುರುವಾಗಿಲ್ಲ. ನಮ್ಮ ಮುಖ್ಯ ಪ್ರಶ್ನೆಗೆ ಮೊದಲ ಸುಳಿವು ಸಿಗುವುದು ಇಲ್ಲಿಂದ. ಸ್ಲೇವ್‌ನಲ್ಲಿ ಸ್ಥಿರ ಬಿಎಫ್ ಕಂಡರೆ ತಂತಿಯ ಕಡೆ ಹೋಗಿ. ಮಿನುಗುವ ಬಿಎಫ್ ಕಂಡರೆ ಅಡ್ರೆಸ್ ಮತ್ತು ಕಾನ್ಫಿಗರೇಷನ್ ಕಡೆ ತಿರುಗಿ. ಬೇರೆ ತಯಾರಕರ ಸಾಧನಗಳಲ್ಲಿ ಬಣ್ಣವೂ ಮಿನುಗುವ ರೀತಿಯೂ ಬೇರೆ ಇರುತ್ತವೆ. ಆಯಾ ಮ್ಯಾನುಯಲ್‌ನ ದೀಪಗಳ ಕೋಷ್ಟಕವನ್ನು ಫೋಟೊ ಹಿಡಿದು ಪ್ಯಾನಲ್ ಬಾಗಿಲ ಒಳಗೆ ಅಂಟಿಸಿಟ್ಟರೆ ರಾತ್ರಿ ಪಾಳಿಯವರಿಗೆ ಉಪಕಾರ.

ಎಸ್‌ಎಫ್ ದೀಪದ ಬಗ್ಗೆ ಒಂದೇ ಮಾತು. ಬಿಎಫ್ ಆರಿದ್ದು ಎಸ್‌ಎಫ್ ಮಾತ್ರ ಉರಿಯುತ್ತಿದ್ದರೆ ಬಸ್ ಸಾಮಾನ್ಯವಾಗಿ ನಿರಪರಾಧಿ. ತಂತಿ ಕಡಿದ ಸೆನ್ಸರ್, ಪವರ್ ಹೋದ ಮಾಡ್ಯೂಲ್ ಮುಂತಾದ ಒಳಗಿನ ತೊಂದರೆಯನ್ನು ಸ್ಟೇಷನ್ ವರದಿ ಮಾಡುತ್ತಿದೆ ಅಷ್ಟೆ.

ನಮ್ಮ ಸಾಲಿನಲ್ಲಿ ಸಿಪಿಯುನ ಬಿಎಫ್ ಮಿನುಗುತ್ತಿದೆ. ಡ್ರೈವ್ 12, ವಾಲ್ವ್ ಟರ್ಮಿನಲ್ ಮತ್ತು ಇಂಡಿಕೇಟರ್ ಮೂರರಲ್ಲೂ "ಬಸ್ ಕೇಳಿಸುತ್ತಿಲ್ಲ" ಎಂಬ ಗುರುತು. ಹೊಸ ಡ್ರೈವ್‌ನಲ್ಲಿ ಮಾತ್ರ "ಬಸ್ ಇದೆ, ವಿನಿಮಯ ಇಲ್ಲ" ಎಂಬ ಗುರುತು. ನಾಲ್ಕು ಸ್ಟೇಷನ್ ಒಟ್ಟಿಗೆ ಹೋಗಿದ್ದರೂ ಕಾರಣ ಒಂದೇ ಅಲ್ಲ ಎಂಬುದು ಇಲ್ಲಿಗೇ ಗೊತ್ತಾಯಿತು.

ಎರಡನೆಯ ಹೆಜ್ಜೆ: ಟರ್ಮಿನೇಷನ್

ಕೈ ಹಾಕುವ ಮುಂಚೆ ಯಂತ್ರ ನಿಂತಿರಲಿ. ಡ್ರೈವ್‌ಗಳ ಪವರ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಡ್ರೈವ್ ಮೇಲೆ ಬರೆದಿರುವಷ್ಟು ಹೊತ್ತು ಕಾಯಲೇಬೇಕು.

ಪ್ರೊಫಿಬಸ್‌ನ 9 ಪಿನ್ ಕನೆಕ್ಟರ್‌ನಲ್ಲಿ ಹಸಿರು ತಂತಿ ಎ, ಅದು ಪಿನ್ 8ಕ್ಕೆ ಹೋಗುತ್ತದೆ. ಕೆಂಪು ತಂತಿ ಬಿ, ಅದು ಪಿನ್ 3ಕ್ಕೆ. ಟರ್ಮಿನೇಷನ್ ಸ್ವಿಚ್ ಆನ್ ಮಾಡಿದಾಗ ಎ ಮತ್ತು ಬಿ ನಡುವೆ 220 ಓಮ್ ಸೇರುತ್ತದೆ. ಜೊತೆಗೆ ಬಿಯಿಂದ ಪಿನ್ 6ರ 5 ವೋಲ್ಟ್‌ಗೆ 390 ಓಮ್, ಎಯಿಂದ ಪಿನ್ 5ರ ಗ್ರೌಂಡ್‌ಗೆ ಇನ್ನೊಂದು 390 ಓಮ್. ಈ ಮೂರು ರೆಸಿಸ್ಟರ್‌ಗಳಿಗೆ ಎರಡು ಕೆಲಸ. ಕೇಬಲ್ ತುದಿಗೆ ಬಂದ ಸಿಗ್ನಲ್ ಬಡಿದು ಹಿಂದಿರುಗದಂತೆ ನೋಡಿಕೊಳ್ಳುವುದು ಒಂದು. ಯಾರೂ ಮಾತಾಡದಿದ್ದಾಗ ಎರಡು ತಂತಿಗಳ ನಡುವೆ ಸುಮಾರು 1.1 ವೋಲ್ಟ್ ವ್ಯತ್ಯಾಸ ಹಿಡಿದಿಟ್ಟು ಬಸ್ಸನ್ನು ನಿಶ್ಚಿತ ಸ್ಥಿತಿಯಲ್ಲಿಡುವುದು ಇನ್ನೊಂದು. ಎರಡನೆಯ ಕೆಲಸಕ್ಕೆ 5 ವೋಲ್ಟ್ ಬೇಕು, ಅದು ಬರುವುದು ಕನೆಕ್ಟರ್ ಸಿಕ್ಕಿಸಿದ ಸಾಧನದಿಂದ. ಅಂದರೆ ತುದಿಯ ಸಾಧನದ ಪವರ್ ಹೋದರೆ, ಸ್ವಿಚ್ ಆನ್ ಇದ್ದರೂ ಟರ್ಮಿನೇಷನ್ ಅರ್ಧಕ್ಕರ್ಧ ಸತ್ತಂತೆ.

ಸ್ವಿಚ್ ಇರುವ ಕನೆಕ್ಟರ್‌ಗಳ ಇನ್ನೊಂದು ಗುಣ ಹಲವರ ಗಮನಕ್ಕೆ ಬಂದಿರುವುದಿಲ್ಲ. ಹೆಚ್ಚು ಬಳಕೆಯಲ್ಲಿರುವ ಕನೆಕ್ಟರ್‌ಗಳಲ್ಲಿ ಸ್ವಿಚ್ ಆನ್ ಮಾಡಿದ ಕೂಡಲೇ ಹೊರಹೋಗುವ ಕೇಬಲ್ ಕಡಿದುಹೋಗುತ್ತದೆ. ಒಳಬರುವ ಜೋಡಿ ಮಾತ್ರ ರೆಸಿಸ್ಟರ್‌ಗೆ ಸೇರಿರುತ್ತದೆ. ಒಳಬರುವ ಕೇಬಲ್ ಎ1, ಬಿ1 ಟರ್ಮಿನಲ್‌ಗಳಿಗೂ ಹೊರಹೋಗುವುದು ಎ2, ಬಿ2ಕ್ಕೂ ಹೋಗಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ತುದಿಯ ಕನೆಕ್ಟರ್‌ನಲ್ಲಿ ಏಕೈಕ ಕೇಬಲನ್ನು ತಪ್ಪಿ ಎ2, ಬಿ2ಕ್ಕೆ ಹಾಕಿದರೆ, ಸ್ವಿಚ್ ಆನ್ ಮಾಡಿದ ತಕ್ಷಣ ಆ ಸ್ಟೇಷನ್ ಮಾಯ. ಆಫ್ ಮಾಡಿದರೆ ಬರುತ್ತದೆ, ಆದರೆ ಟರ್ಮಿನೇಷನ್ ಇಲ್ಲದೆ. ಈ ವಿಚಿತ್ರ ನಡವಳಿಕೆ ಕಂಡರೆ ಕನೆಕ್ಟರ್ ಮುಚ್ಚಳ ತೆಗೆದು ನೋಡಿ.

ಅಳತೆ ಮಾಡುವ ವಿಧಾನ ಹೀಗೆ. ಎಲ್ಲ ಸ್ಟೇಷನ್‌ಗಳ ಪವರ್ ತೆಗೆಯಿರಿ. ಎಲ್ಲ ಕನೆಕ್ಟರ್‌ಗಳನ್ನು ಸಾಧನಗಳಿಂದ ಕಿತ್ತು ನೇತಾಡಲು ಬಿಡಿ. ಒಳಬರುವ, ಹೊರಹೋಗುವ ತಂತಿಗಳು ಕನೆಕ್ಟರ್ ಒಳಗೇ ಕೂಡಿರುವುದರಿಂದ ಬಸ್ ತುಂಡಾಗುವುದಿಲ್ಲ. ಸಿಕ್ಕಿಸಿದ ಹಾಗೇ ಅಳೆದರೆ ಸಾಧನಗಳ ಒಳಗಿನ ಸರ್ಕ್ಯೂಟ್ ಸೇರಿಕೊಂಡು ಅಂಕಿ ಕೆಡುತ್ತದೆ. ಈಗ ಒಂದು ತುದಿಯ ಕನೆಕ್ಟರ್‌ನಲ್ಲಿ ಪಿನ್ 3 ಮತ್ತು 8ರ ನಡುವೆ ಮಲ್ಟಿಮೀಟರ್‌ನಿಂದ ಓಮ್ ಅಳೆಯಿರಿ, ಆಮೇಲೆ ಇನ್ನೊಂದು ತುದಿಯಲ್ಲೂ ಅಳೆಯಿರಿ. ಎರಡೂ ತುದಿಯಲ್ಲಿ 220 ಓಮ್ ಇರುವುದರಿಂದ ಎರಡೂ ಕಡೆ 110 ಓಮ್ ಆಸುಪಾಸು ಬರಬೇಕು. ಪ್ರೊಫಿಬಸ್ ಕೇಬಲ್‌ನ ಎರಡು ತಂತಿಗಳ ಒಟ್ಟು ರೆಸಿಸ್ಟೆನ್ಸ್ ಕಿಲೋಮೀಟರಿಗೆ 110 ಓಮ್. ನಮ್ಮ 90 ಮೀಟರ್‌ಗೆ 10 ಓಮ್ ಸೇರಿಸಿ ಲೆಕ್ಕ ಹಾಕಿದರೆ 112 ಬರುತ್ತದೆ.

220 ಬಂದರೆ ಆ ಕಡೆಯಿಂದ ಒಂದೇ ಟರ್ಮಿನೇಷನ್ ಕಾಣುತ್ತಿದೆ. ಮೀಟರ್ ಓಪನ್ ತೋರಿಸಿದರೆ ಒಂದೂ ಇಲ್ಲ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ಹೆಚ್ಚಿನ ಸಲ ಕನೆಕ್ಟರ್ ಒಳಗೆ ಶೀಲ್ಡಿನ ಕೂದಲೆಳೆಯೊಂದು ತಂತಿಗೆ ತಾಗಿರುತ್ತದೆ. ಮೂರು ಟರ್ಮಿನೇಷನ್ ಆನ್ ಇದ್ದರೆ 73 ಓಮ್ ಬರುತ್ತದೆ ಎಂದು ಹಲವರು ಹೇಳುತ್ತಾರೆ. ಲೆಕ್ಕ ಸರಿ, ಆದರೆ ಅದು ಹೊರಹೋಗುವ ಕೇಬಲ್ ಕಡಿಯದ ಕನೆಕ್ಟರ್‌ಗಳಿಗೆ ಮಾತ್ರ. ಕಡಿಯುವ ಕನೆಕ್ಟರ್ ಮಧ್ಯದಲ್ಲಿ ಆನ್ ಆಗಿದ್ದರೆ ಒಂದು ತುದಿಯಿಂದ ನೋಡಿದಾಗ ಎಲ್ಲವೂ ಸರಿಯಾದ 110 ತೋರಿಸುತ್ತದೆ, ಇನ್ನೊಂದು ತುದಿಯಿಂದ 220. ಒಂದೇ ಕಡೆ ಅಳೆದು "ಟರ್ಮಿನೇಷನ್ ಸರಿಯಿದೆ" ಎಂದು ಬರೆದಿಡುವವರು ಎಡವುವುದು ಇಲ್ಲೇ.

ನಮ್ಮ ಸಾಲಿನಲ್ಲಿ ಆದದ್ದೂ ಇದೇ. ಪಿಎಲ್‌ಸಿ ಕಡೆ 111, ಇಂಡಿಕೇಟರ್ ಕಡೆ 220. ಡ್ರೈವ್ 11ರ ಕನೆಕ್ಟರ್ ಬಿಚ್ಚುವಾಗಲೋ ಹಾಕುವಾಗಲೋ ಬೆರಳು ತಾಗಿ ಸ್ವಿಚ್ ಆನ್ ಆಗಿದೆ. ಅದನ್ನು ಆಫ್ ಮಾಡಿ ಮತ್ತೆ ಅಳೆದರೆ ಎರಡೂ ಕಡೆ 112. ಪವರ್ ಕೊಟ್ಟಾಗ 12, 7, 8 ಮೂರೂ ಒಟ್ಟಿಗೆ ಬಂದುಬಿಟ್ಟವು. 11 ಮಾತ್ರ ಇನ್ನೂ ಇಲ್ಲ. ಸ್ವಿಚ್ ಆನ್ ಇದ್ದಾಗಲೂ 3 ಮತ್ತು 4 ಯಾಕೆ ಚೆನ್ನಾಗಿ ನಡೆಯುತ್ತಿದ್ದವು ಎಂಬುದಕ್ಕೂ ಉತ್ತರ ಸಿಕ್ಕಿತು: ಅವುಗಳ ಪಾಲಿಗೆ ಸಾಲು 11ರಲ್ಲೇ, ಸರಿಯಾದ ಟರ್ಮಿನೇಷನ್‌ನೊಂದಿಗೆ ಮುಗಿದಿತ್ತು.

ಓಮ್ ಅಳತೆಗೆ ಒಂದು ಮಿತಿ ಇದೆ: ಎ ಮತ್ತು ಬಿ ಅದಲು ಬದಲಾದದ್ದು ಅದಕ್ಕೆ ತಿಳಿಯುವುದಿಲ್ಲ. ಒಂದು ಕನೆಕ್ಟರ್‌ಗೆ ಬರುವ ಜೋಡಿಯಲ್ಲಷ್ಟೇ ಬಣ್ಣ ತಿರುಗಿದ್ದರೆ ಅಲ್ಲಿಂದ ಆಚೆಗೆ ಎಲ್ಲ ಸ್ಟೇಷನ್‌ಗಳೂ ಹೋಗುತ್ತವೆ. ಬರುವುದೂ ಹೋಗುವುದೂ ಎರಡೂ ತಿರುಗಿದ್ದರೆ ಆ ಒಂದು ಸ್ಟೇಷನ್ ಮಾತ್ರ ಹೋಗುತ್ತದೆ, ಮುಂದಿನವು ಸರಿಯಿರುತ್ತವೆ. ಇದಕ್ಕೆ ಮುಚ್ಚಳ ತೆಗೆದು ಕಣ್ಣಿನಿಂದ ನೋಡುವುದೇ ಸಲೀಸು ದಾರಿ.

ಮೂರನೆಯ ಹೆಜ್ಜೆ: ಅಡ್ರೆಸ್

ಈಗ ಒಂದೇ ಸ್ಟೇಷನ್ ಉಳಿದಿದೆ. ಅದರ ದೀಪ ಬಸ್ ಕೇಳಿಸುತ್ತಿದೆ ಎನ್ನುತ್ತಿದೆ, ಆದರೆ ಮಾಸ್ಟರ್ ಮಾತ್ರ 11 ಎಂಬ ಸ್ಟೇಷನ್ ಇಲ್ಲವೇ ಇಲ್ಲ ಎನ್ನುತ್ತಿದೆ. ಎರಡೂ ನಿಜವಾಗಿರಬೇಕಾದರೆ ಡ್ರೈವ್ ಬೇರೆ ಯಾವುದೋ ಅಡ್ರೆಸ್‌ನಲ್ಲಿ ಕೂತಿರಬೇಕು.

ಪ್ರೊಫಿಬಸ್‌ನಲ್ಲಿ ಸ್ಟೇಷನ್‌ಗಳಿಗೆ 0ಯಿಂದ 125ರವರೆಗಿನ ಅಡ್ರೆಸ್‌ಗಳಿವೆ. 127 ಎಲ್ಲರಿಗೂ ಒಟ್ಟಿಗೆ ಕಳಿಸುವ ಸಂದೇಶಕ್ಕೆ ಮೀಸಲು. 126 ಕಾರ್ಖಾನೆಯಿಂದ ಬರುವಾಗಿನ ಅಡ್ರೆಸ್. ಬಸ್ಸಿನ ಮೂಲಕ ಅಡ್ರೆಸ್ ಬರೆಸಿಕೊಳ್ಳುವ ಸಾಧನಗಳು ಇದರಲ್ಲಿ ಕಾಯುತ್ತಿರುತ್ತವೆ, ಆ ಅಡ್ರೆಸ್‌ನಲ್ಲಿ ಡೇಟಾ ವಿನಿಮಯ ನಡೆಯುವುದಿಲ್ಲ.

ಅಡ್ರೆಸ್ ಹಾಕುವ ಸ್ವಿಚ್‌ಗಳಲ್ಲಿ ಮೂರು ಬಗೆ ಸಿಗುತ್ತವೆ. ಡಿಪ್ ಸ್ವಿಚ್‌ಗಳಲ್ಲಿ 1, 2, 4, 8, 16, 32, 64 ಎಂಬ ಬೆಲೆಗಳನ್ನು ಕೂಡಿಸಬೇಕು. 11 ಬೇಕಾದರೆ 8, 2, 1 ಆನ್. ತಿರುಗಿಸುವ ಸ್ವಿಚ್ ಜೋಡಿಯಲ್ಲಿ 0ಯಿಂದ 9ರವರೆಗೆ ಮಾತ್ರ ಗುರುತಿದ್ದರೆ ಹತ್ತು ಮತ್ತು ಬಿಡಿ ಎಂದು ನೇರವಾಗಿ ಓದಬಹುದು. ಅದೇ ಜೋಡಿಯಲ್ಲಿ 9ರ ಆಚೆ ಅಕ್ಷರಗಳೂ ಇದ್ದರೆ ಅದು ಹೆಕ್ಸಾಡೆಸಿಮಲ್. ಅಲ್ಲಿ ಮೊದಲ ಸ್ವಿಚ್‌ನ ಅಂಕಿಯನ್ನು 16ರಿಂದ ಗುಣಿಸಬೇಕು. ಎರಡೂ ಸ್ವಿಚ್ 1ಕ್ಕೆ ತಿರುಗಿಸಿದರೆ 11 ಆಗುವುದಿಲ್ಲ, 17 ಆಗುತ್ತದೆ. 11 ಬೇಕಾದರೆ ಸ್ವಿಚ್‌ಗಳು `0` ಮತ್ತು `B` ತೋರಿಸಬೇಕು.

ಬಸ್ಸಿನಲ್ಲಿ ಯಾರ್ಯಾರಿದ್ದಾರೆ ಎಂದು ಕೇಳುವ ಸೌಲಭ್ಯ ಬಹುತೇಕ ಎಂಜಿನಿಯರಿಂಗ್ ಸಾಫ್ಟ್‌ವೇರ್‌ಗಳಲ್ಲೂ ಇರುತ್ತದೆ. ಸಿಮ್ಯಾಟಿಕ್ ಮ್ಯಾನೇಜರ್‌ನಲ್ಲಿ ಅದು `PLC` ಮೆನುವಿನ `Display Accessible Nodes`. ಪಿಸಿಯನ್ನು ಪ್ರೊಫಿಬಸ್‌ಗೇ ನೇರವಾಗಿ ಜೋಡಿಸಿ ಇದನ್ನು ತೆರೆದರೆ ಬಸ್ಸಿನಲ್ಲಿ ಉತ್ತರಿಸುವ ಅಡ್ರೆಸ್‌ಗಳ ಪಟ್ಟಿ ಬರುತ್ತದೆ. ನಮ್ಮ ಪಟ್ಟಿಯಲ್ಲಿ ಯೋಜನೆಯಲ್ಲೇ ಇಲ್ಲದ 17 ಕಂಡಿತು. ಹಳೆಯ ಡ್ರೈವ್‌ನಲ್ಲಿ ದಶಮಾನದ ಸ್ವಿಚ್ ಇತ್ತು, ಹೊಸದರಲ್ಲಿ ಹೆಕ್ಸಾಡೆಸಿಮಲ್. ಹಳೆಯದನ್ನು ನೋಡಿ ಹಾಗೇ 1 ಮತ್ತು 1ಕ್ಕೆ ತಿರುಗಿಸಿದ್ದಾರೆ.

ಸ್ವಿಚ್ ತಿರುಗಿಸಿದ ಮಾತ್ರಕ್ಕೆ ಅಡ್ರೆಸ್ ಬದಲಾಗದು. ಬಹುತೇಕ ಸಾಧನಗಳು ಅದನ್ನು ಪವರ್ ಬರುವಾಗ ಮಾತ್ರ ಓದುತ್ತವೆ. ಡ್ರೈವ್‌ಗಳಲ್ಲಿ ಇನ್ನೊಂದು ಮೋಸವಿದೆ: ಮುಖ್ಯ ಪವರ್ ತೆಗೆದರೂ ಕಂಟ್ರೋಲ್ ಬೋರ್ಡಿಗೆ ಹೊರಗಿನಿಂದ 24 ವೋಲ್ಟ್ ಬರುತ್ತಿದ್ದರೆ ಅದು ಎಚ್ಚರವಾಗಿಯೇ ಇರುತ್ತದೆ, ಹಳೆಯ ಅಡ್ರೆಸ್ ಬಿಡುವುದಿಲ್ಲ. ಬೋರ್ಡಿನ ಎಲ್ಲ ದೀಪಗಳೂ ಆರಿದವೆಂದು ನೋಡಿಕೊಂಡ ಮೇಲೆ ಮತ್ತೆ ಪವರ್ ಕೊಡಿ. ಕೆಲವು ಡ್ರೈವ್‌ಗಳಲ್ಲಿ ಅಡ್ರೆಸ್ ಸ್ವಿಚ್‌ನಲ್ಲಿ ಇರುವುದೇ ಇಲ್ಲ, ಪ್ಯಾರಾಮೀಟರ್‌ನಲ್ಲಿ ಇರುತ್ತದೆ. ಅಲ್ಲೂ ಇದೇ ನಿಯಮ.

ಒಂದೇ ಅಡ್ರೆಸ್ ಎರಡು ಸಾಧನಗಳಿಗೆ ಬಿದ್ದರೆ ಮೇಲಿನ ಪಟ್ಟಿ ಸಹಾಯಕ್ಕೆ ಬರುವುದಿಲ್ಲ, ಏಕೆಂದರೆ ಅದು ಆ ಅಂಕಿಯನ್ನು ಒಂದೇ ಸಲ ತೋರಿಸುತ್ತದೆ. ಮಾಸ್ಟರ್ ಕೇಳಿದಾಗ ಇಬ್ಬರೂ ಒಟ್ಟಿಗೆ ಮಾತಾಡಿ ಉತ್ತರ ಕಲಸಿಹೋಗುತ್ತದೆ. ಆ ಅಡ್ರೆಸ್ ಬಂದು ಬಂದು ಹೋಗುತ್ತಿರುತ್ತದೆ, ಉಳಿದವು ಸ್ಥಿರವಾಗಿರುತ್ತವೆ. ಅಂಥ ಸ್ಟೇಷನ್‌ನ ಕನೆಕ್ಟರ್ ಕಿತ್ತರೂ ಪಟ್ಟಿಯಲ್ಲಿ ಆ ಅಂಕಿ ಉಳಿದುಕೊಂಡರೆ, ಅದೇ ಹೆಸರಿನ ಇನ್ನೊಬ್ಬರು ಸಾಲಿನಲ್ಲಿದ್ದಾರೆ ಎಂದು ಖಚಿತ.

ನಾಲ್ಕನೆಯ ಹೆಜ್ಜೆ: ಆರು ಬೈಟ್‌ಗಳನ್ನು ಓದುವುದು

ಅಡ್ರೆಸ್ ಸರಿಯಾಯಿತು, ಪಟ್ಟಿಯಲ್ಲಿ 17 ಹೋಗಿ 11 ಬಂತು. ಆದರೂ ಡೇಟಾ ವಿನಿಮಯ ಶುರುವಾಗಿಲ್ಲ, ಸಿಪಿಯುನ ಬಿಎಫ್ ಇನ್ನೂ ಮಿನುಗುತ್ತಿದೆ. ನಾವೀಗ ವಿಂಗಡಣೆಯ ಇನ್ನೊಂದು ಬದಿಗೆ ಬಂದಿದ್ದೇವೆ: ಸ್ಟೇಷನ್ ಉತ್ತರಿಸುತ್ತಿದೆ, ಒಪ್ಪುತ್ತಿಲ್ಲ.

ಪ್ರತಿ ಡಿಪಿ ಸ್ಲೇವ್ ಕೆಲಸ ಶುರುಮಾಡುವ ಮುಂಚೆ ಒಂದು ಕ್ರಮ ನಡೆಯುತ್ತದೆ. ಮಾಸ್ಟರ್ ಮೊದಲು ಸ್ಲೇವ್‌ನ ಡಯಾಗ್ನೊಸ್ಟಿಕ್ಸ್ ಕೇಳುತ್ತದೆ. ಆಮೇಲೆ ಪ್ಯಾರಾಮೀಟರ್‌ಗಳನ್ನು ಕಳಿಸುತ್ತದೆ, ಅದರೊಳಗೆ ಸಾಧನದ ಗುರುತಿನ ಸಂಖ್ಯೆಯೂ ಇರುತ್ತದೆ. ನಂತರ ಎಷ್ಟು ಡೇಟಾ ಒಳಗೆ, ಎಷ್ಟು ಹೊರಗೆ ಎಂಬ ಕಾನ್ಫಿಗರೇಷನ್ ಕಳಿಸುತ್ತದೆ. ಮತ್ತೊಮ್ಮೆ ಡಯಾಗ್ನೊಸ್ಟಿಕ್ಸ್ ಕೇಳಿ, ತಕರಾರಿಲ್ಲದಿದ್ದರೆ ಮಾತ್ರ ಡೇಟಾ ವಿನಿಮಯಕ್ಕೆ ಇಳಿಯುತ್ತದೆ. ಎಲ್ಲಿ ತಡೆಯಾಯಿತು ಎಂಬುದು ಡಯಾಗ್ನೊಸ್ಟಿಕ್ಸ್‌ನ ಮೊದಲ ಆರು ಬೈಟ್‌ಗಳಲ್ಲಿ ಬರೆದಿರುತ್ತದೆ. ಈ ಆರು ಬೈಟ್‌ಗಳು ಎಲ್ಲ ತಯಾರಕರಿಗೂ ಒಂದೇ ಅರ್ಥದವು, ಹಾಗಾಗಿ ಇಷ್ಟನ್ನು ಓದಲು ಬಂದರೆ ಯಾವ ಕಂಪನಿಯ ಸಾಧನವಾದರೂ ಅಂಜಬೇಕಿಲ್ಲ. ಎಸ್7ನಲ್ಲಿ ಆನ್‌ಲೈನ್ ಹಾರ್ಡ್‌ವೇರ್ ನೋಟದಲ್ಲಿ ಸ್ಟೇಷನ್‌ನ ವಿವರ ತೆರೆದರೆ ಹೆಕ್ಸಾಡೆಸಿಮಲ್‌ನಲ್ಲಿ ಸಿಗುತ್ತವೆ. ಪ್ರೋಗ್ರಾಮ್ ಒಳಗಿಂದ ಬೇಕಾದರೆ `SFC13` ಬಳಸಬಹುದು.

ನಮ್ಮ ಡ್ರೈವ್ ಕೊಟ್ಟದ್ದು ಇದು (ಗುರುತಿನ ಸಂಖ್ಯೆ ಇಲ್ಲಿ ಉದಾಹರಣೆಗೆ ಮಾತ್ರ):

```
42 05 00 FF 0A 2C
```

ಮೊದಲ ಬೈಟ್ ಮುಖ್ಯ. ಅದರಲ್ಲಿ `01` ಸೇರಿದ್ದರೆ ಸ್ಟೇಷನ್ ಇಲ್ಲವೆಂದು ಮಾಸ್ಟರ್ ತಾನೇ ಬರೆದದ್ದು; ಅಡ್ರೆಸ್ ತಪ್ಪಿದ್ದಾಗ ಕಾಣುತ್ತಿದ್ದುದು ಅದೇ. `02` ಎಂದರೆ ಸ್ಟೇಷನ್ ಇನ್ನೂ ವಿನಿಮಯಕ್ಕೆ ಸಿದ್ಧವಿಲ್ಲ. `04` ಎಂದರೆ ಕಾನ್ಫಿಗರೇಷನ್ ತಪ್ಪು, `08` ಎಂದರೆ ಸಾಧನ ತನ್ನದೇ ಹೆಚ್ಚಿನ ವರದಿ ಕಳಿಸಿದೆ, `40` ಎಂದರೆ ಪ್ಯಾರಾಮೀಟರ್ ತಪ್ಪು, `80` ಎಂದರೆ ಬೇರೊಬ್ಬ ಮಾಸ್ಟರ್ ಅದನ್ನು ಈಗಾಗಲೇ ಹಿಡಿದಿದ್ದಾನೆ. ನಮ್ಮ `42` ಎಂಬುದು `40` ಮತ್ತು `02`ರ ಮೊತ್ತ: ಪ್ಯಾರಾಮೀಟರ್ ಒಪ್ಪಿಲ್ಲ, ಆದ್ದರಿಂದ ಸಿದ್ಧವಿಲ್ಲ. ನಾಲ್ಕನೆಯ ಬೈಟ್‌ನಲ್ಲಿ ಯಾವ ಮಾಸ್ಟರ್ ಹಿಡಿದಿದ್ದಾನೆಂದು ಇರುತ್ತದೆ; `FF` ಎಂದರೆ ಯಾರೂ ಇಲ್ಲ. ಕೊನೆಯ ಎರಡು ಬೈಟ್ ಸಾಧನದ ನಿಜವಾದ ಗುರುತಿನ ಸಂಖ್ಯೆ, `0A2C`.

ಐದನೆಯ ಹೆಜ್ಜೆ: ಜಿಎಸ್‌ಡಿ ಫೈಲ್

ಜಿಎಸ್‌ಡಿ ಸಾಮಾನ್ಯ ಟೆಕ್ಸ್ಟ್ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು, ಓದಲೂಬೇಕು. ಪ್ರಾಜೆಕ್ಟ್‌ನಲ್ಲಿ ಹಳೆಯ ಡ್ರೈವ್‌ಗೆ ಬಳಸಿದ್ದ ಫೈಲ್‌ನ ಆರಂಭದಲ್ಲಿ ಹೀಗಿತ್ತು:

```
#Profibus_DP
GSD_Revision    = 3
Ident_Number    = 0x0A1B
1.5M_supp       = 1
Modular_Station = 1
```

ಮಾಸ್ಟರ್ ಕಳಿಸುತ್ತಿರುವುದು `0A1B`, ಸಾಧನ ತಾನು `0A2C` ಎನ್ನುತ್ತಿದೆ. ತಕರಾರು ಇಷ್ಟೇ. ಹೊಸ ಮಾಡೆಲ್‌ಗೆ ತಯಾರಕರು ಬೇರೆ ಗುರುತಿನ ಸಂಖ್ಯೆ ಪಡೆದಿದ್ದಾರೆ. ತಯಾರಕರ ತಾಣದಿಂದ ಹೊಸ ಮಾಡೆಲ್‌ನ ಜಿಎಸ್‌ಡಿ ತಂದು, ಅದನ್ನು ತೆರೆದು `Ident_Number` ಡಯಾಗ್ನೊಸ್ಟಿಕ್ಸ್‌ನ ಕೊನೆಯ ಎರಡು ಬೈಟ್‌ಗೆ ಹೊಂದುತ್ತದೆಯೇ ಎಂದು ಮೊದಲು ನೋಡಿ. ಹೆಸರು ಹೋಲುವ ಮಾಡೆಲ್‌ಗಳು ಹಲವಿದ್ದಾಗ ಈ ಒಂದು ಹೋಲಿಕೆ ಅರ್ಧ ದಿನ ಉಳಿಸುತ್ತದೆ.

ಸ್ಟೆಪ್ 7ರ ಹಾರ್ಡ್‌ವೇರ್ ಕಾನ್ಫಿಗ್‌ನಲ್ಲಿ ತೆರೆದಿರುವ ಸ್ಟೇಷನ್ ಮುಚ್ಚಿ, `Options` ಮೆನುವಿನಲ್ಲಿ `Install GSD File` ಆರಿಸಿ. ಟಿಐಎ ಪೋರ್ಟಲ್‌ನಲ್ಲಿ ಅದೇ ಮೆನುವಿನ ಕೆಳಗೆ `Manage general station description files (GSD)` ಇದೆ. ಆಮೇಲೆ ಹಳೆಯ ಡ್ರೈವನ್ನು ಕಾನ್ಫಿಗರೇಷನ್‌ನಿಂದ ತೆಗೆದು, ಕ್ಯಾಟಲಾಗ್‌ನಿಂದ ಹೊಸದನ್ನು ಎಳೆದು, ಅಡ್ರೆಸ್ 11 ಕೊಟ್ಟು, ಕಂಪೈಲ್ ಮಾಡಿ ಡೌನ್‌ಲೋಡ್ ಮಾಡಬೇಕು. ಹಳೆಯದನ್ನು ಅಳಿಸುವ ಮುಂಚೆ ಅದರ ಇನ್‌ಪುಟ್, ಔಟ್‌ಪುಟ್ ಅಡ್ರೆಸ್‌ಗಳನ್ನು ಬರೆದಿಟ್ಟುಕೊಳ್ಳಿ. ಹೊಸದಕ್ಕೆ ಸಾಫ್ಟ್‌ವೇರ್ ತನ್ನಿಷ್ಟದ ಅಡ್ರೆಸ್ ಕೊಡುತ್ತದೆ, ಪ್ರೋಗ್ರಾಮ್ ಮಾತ್ರ ಹಳೆಯ ಜಾಗದಲ್ಲೇ ಓದುತ್ತಿರುತ್ತದೆ.

ಫೈಲ್‌ನಲ್ಲಿ `Ident_Number` ಮಾತ್ರ ತಿದ್ದಿ ಹಳೆಯ ಜಿಎಸ್‌ಡಿಯನ್ನೇ ಬಳಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ನನಗೆ ಅದು ಸರಿಬರದು. ಗುರುತು ದಾಟಿಹೋಗಬಹುದು, ಆದರೆ ಅದರ ಹಿಂದಿರುವ ಪ್ಯಾರಾಮೀಟರ್ ಬೈಟ್‌ಗಳ ಅರ್ಥ ಹೊಸ ಸಾಧನದಲ್ಲಿ ಬೇರೆಯಾಗಿದ್ದರೆ ತಪ್ಪು ಸೆಟ್ಟಿಂಗ್ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಪಿಎಲ್‌ಸಿ ಪ್ರಾಜೆಕ್ಟ್ ಕೈಯಲ್ಲಿಲ್ಲದಿದ್ದರೆ ಹೊಸ ಸಾಧನದಲ್ಲಿ ಹಳೆಯದರ ಹಾಗೆ ವರ್ತಿಸುವ ಆಯ್ಕೆ ಇದೆಯೇ ಎಂದು ಮ್ಯಾನುಯಲ್‌ನಲ್ಲಿ ನೋಡಿ; ಕೆಲವು ಸಾಧನಗಳಲ್ಲಿ ಅಂಥದ್ದು ಇರುತ್ತದೆ.

ಗುರುತು ಹೊಂದಿಯೂ `40` ಬಿಟ್ಟುಹೋಗದಿದ್ದರೆ ಜಿಎಸ್‌ಡಿಯ ಪ್ಯಾರಾಮೀಟರ್ ಭಾಗದಲ್ಲಿ ತಪ್ಪು ಹುಡುಕಿ: ಸಾಧನಕ್ಕೆ ತಿಳಿಯದ ಆಯ್ಕೆಯನ್ನೋ, ಅದರ ಫರ್ಮ್‌ವೇರ್ ಒಪ್ಪದ ಉದ್ದವನ್ನೋ ಕಳಿಸುತ್ತಿರಬಹುದು.

ನಮ್ಮಲ್ಲಿ ಗುರುತು ಸರಿಹೋಯಿತು, ಆದರೆ ಡಯಾಗ್ನೊಸ್ಟಿಕ್ಸ್ ಈಗ ಬೇರೆ ಮಾತಾಡಿತು:

```
06 05 00 FF 0A 2C
```

`06` ಎಂದರೆ `04` ಮತ್ತು `02`. ಪ್ಯಾರಾಮೀಟರ್ ಒಪ್ಪಿದೆ, ಕಾನ್ಫಿಗರೇಷನ್ ಒಪ್ಪಿಲ್ಲ. ಒಂದು ಹೆಜ್ಜೆ ಮುಂದೆ ಬಂದಿದ್ದೇವೆ. ಹೊಸ ಜಿಎಸ್‌ಡಿಯಲ್ಲಿ ಮಾಡ್ಯೂಲ್‌ಗಳು ಹೀಗಿವೆ:

```
Module = "PZD 2" 0xF1
EndModule
Module = "PZD 6" 0xF5
EndModule
```

ಇಲ್ಲಿ `F` ಎಂಬುದು ವರ್ಡ್ ಲೆಕ್ಕದಲ್ಲಿ, ಒಳಗೂ ಹೊರಗೂ, ಒಟ್ಟಾಗಿ ಸಾಗುವ ಡೇಟಾ ಎನ್ನುತ್ತದೆ. ಕೊನೆಯ ಅಂಕಿಗೆ ಒಂದು ಸೇರಿಸಿದರೆ ವರ್ಡ್‌ಗಳ ಸಂಖ್ಯೆ: `F1` ಎರಡು ವರ್ಡ್, `F5` ಆರು ವರ್ಡ್. ಹಳೆಯ ಡ್ರೈವ್‌ನಲ್ಲಿ ಎರಡು ವರ್ಡ್ ಇದ್ದವು: ಹೋಗುವಾಗ ಕಂಟ್ರೋಲ್ ವರ್ಡ್ ಮತ್ತು ವೇಗ, ಬರುವಾಗ ಸ್ಟೇಟಸ್ ವರ್ಡ್ ಮತ್ತು ನಿಜವಾದ ವೇಗ. ಹಾಗಾಗಿ `PZD 2` ಹಾಕಿದ್ದೇವೆ. ಹೊಸ ಡ್ರೈವ್‌ನ ಒಳಗಿನ ಸೆಟ್ಟಿಂಗ್ ಮಾತ್ರ ಕಾರ್ಖಾನೆಯಿಂದ ಬಂದ ಹಾಗೆ ಆರು ವರ್ಡ್‌ನಲ್ಲಿದೆ. ಮಾಸ್ಟರ್ ಏನು ಹೇಳಿದರೂ ಹಾಗೇ ಹೊಂದಿಕೊಳ್ಳುವ ಡ್ರೈವ್‌ಗಳೂ ಇವೆ. ಇದು ತನ್ನ ಪ್ಯಾರಾಮೀಟರ್‌ನೊಂದಿಗೆ ಹೋಲಿಸಿ ನೋಡುವ ಜಾತಿಯದು.

ಎರಡರಲ್ಲಿ ಯಾವುದನ್ನು ಬದಲಿಸಬೇಕು? ಡ್ರೈವನ್ನೇ. ಕಾನ್ಫಿಗರೇಷನ್‌ನಲ್ಲಿ ಆರು ವರ್ಡ್ ಮಾಡಿದರೆ ಅದರ ಹಿಂದಿನ ಅಡ್ರೆಸ್‌ಗಳೆಲ್ಲ ಸರಿದು, ಪ್ರೋಗ್ರಾಮ್ ತಿದ್ದಬೇಕಾದೀತು. ಡ್ರೈವ್‌ನ ಪ್ಯಾರಾಮೀಟರ್‌ನಲ್ಲಿ ಎರಡು ವರ್ಡ್ ಆರಿಸಿ ಮತ್ತೆ ಪವರ್ ಕೊಟ್ಟಾಗ ಡಯಾಗ್ನೊಸ್ಟಿಕ್ಸ್‌ನ ಮೊದಲ ಬೈಟ್ `00` ಆಯಿತು, ನಾಲ್ಕನೆಯ ಬೈಟ್‌ನಲ್ಲಿ `FF` ಹೋಗಿ `02` ಬಂತು. ಮಾಸ್ಟರ್ 2 ಅದನ್ನು ಒಪ್ಪಿಕೊಂಡಿದೆ. ಸಿಪಿಯುನ ಬಿಎಫ್ ಆರಿತು.

ದೀಪ ಆರಿದ ಮಾತ್ರಕ್ಕೆ ಮೋಟಾರ್ ಸರಿಯಾಗಿ ತಿರುಗುತ್ತದೆ ಎಂದು ನಂಬಬೇಡಿ. ಎರಡನೆಯ ವರ್ಡ್‌ನಲ್ಲಿ ಯಾವ ಅಂಕಿ ಪೂರ್ಣ ವೇಗ ಎಂಬುದು ಹೊಸ ಮಾಡೆಲ್‌ನಲ್ಲಿ ಬೇರೆ ಇರಬಹುದು. ಮೊದಲ ಸಲ ಕಡಿಮೆ ವೇಗದ ಆದೇಶ ಕೊಟ್ಟು, ಡ್ರೈವ್‌ನ ಡಿಸ್‌ಪ್ಲೇಯಲ್ಲಿ ಬಂದ ವೇಗದೊಂದಿಗೆ ತಾಳೆ ನೋಡಿ.

ಬಿಟ್ಟು ಬಿಟ್ಟು ಕಾಡುವ ದೋಷವಾದರೆ

ಮೇಲಿನದು ಸ್ಥಿರವಾಗಿ ನಿಂತಿದ್ದ ದೋಷ. ಗಂಟೆಗೊಮ್ಮೆ ಯಾವುದೋ ಸ್ಟೇಷನ್ ಹೋಗಿ ತಾನೇ ಬರುವ ದೋಷದಲ್ಲಿ ಜಿಎಸ್‌ಡಿಯನ್ನು ಮರೆತುಬಿಡಿ. ಒಮ್ಮೆ ಒಪ್ಪಿಕೊಂಡ ಗುರುತಿನ ಸಂಖ್ಯೆ ಮಧ್ಯಾಹ್ನ ಬದಲಾಗುವುದಿಲ್ಲ. ಅದು ತಂತಿಯದೋ, ಪವರ್‌ನದೋ, ಒಂದೇ ಅಡ್ರೆಸ್‌ನ ಜೋಡಿಯದೋ ಆಗಿರುತ್ತದೆ. ಎಸ್7-300ರಲ್ಲಿ ಸ್ಟೇಷನ್ ಹೋದಾಗ ಓಡುವ `OB86` ಬ್ಲಾಕ್ ಹಾಕಿರದಿದ್ದರೆ ಸ್ಟೇಷನ್ ಒಂದು ಕ್ಷಣ ಹೋದರೂ ಸಿಪಿಯು ಸ್ಟಾಪ್‌ಗೆ ಹೋಗುತ್ತದೆ. ಅದನ್ನು ಸಿಪಿಯು ದೋಷ ಎಂದು ತಿಳಿಯಬಾರದು.

ತಂತಿಯ ಮೇಲೆ ಅನುಮಾನವಿದ್ದರೆ ಬಸ್ಸಿನ ವೇಗವನ್ನು 1.5 ಮೆಗಾಬಿಟ್‌ನಿಂದ 187.5 ಕಿಲೋಬಿಟ್‌ಗೆ ಇಳಿಸಿ ನೋಡಬಹುದು. ಬಹುತೇಕ ಸ್ಲೇವ್‌ಗಳು ವೇಗವನ್ನು ತಾವೇ ಕಂಡುಕೊಳ್ಳುತ್ತವೆ; ವೇಗವನ್ನು ಸಾಧನದಲ್ಲೇ ಹಾಕಬೇಕಾದ ಹಳೆಯವಿದ್ದರೆ ಅವುಗಳಲ್ಲೂ ಬದಲಿಸಬೇಕು. ನಿಧಾನ ಮಾಡಿದಾಗ ತೊಂದರೆ ನಿಂತರೆ ಸಿಗ್ನಲ್ ಪ್ರತಿಫಲನ, ಶೀಲ್ಡ್ ಅಥವಾ ಸಾಲಿನಿಂದ ಕವಲೊಡೆದ ಕೇಬಲ್ ಕಾರಣವಿರಬೇಕು. ನಿಲ್ಲದಿದ್ದರೆ ಸಡಿಲ ತಂತಿ ಅಥವಾ ಪವರ್ ಹುಡುಕಿ. ನಿಧಾನ ವೇಗದಲ್ಲೇ ಬಿಟ್ಟು ಕೆಲಸ ಮುಗಿಸಿದೆ ಎನ್ನುವವರೂ ಇದ್ದಾರೆ. ದೋಷ ಅಲ್ಲೇ ಇರುತ್ತದೆ.

ಕೊನೆಯದಾಗಿ, ಯಂತ್ರವನ್ನು ಉತ್ಪಾದನೆಗೆ ಬಿಡುವ ಮುಂಚೆ ಇಂಡಿಕೇಟರ್ 8ರ ಪವರ್ ಒಮ್ಮೆ ತೆಗೆದು ಕೆಲವು ನಿಮಿಷ ಬಿಡಿ. ಹೋಗಬೇಕಾದದ್ದು 8 ಒಂದೇ. ಅದರ ಜೊತೆಗೆ 7 ಅಥವಾ 12 ಕೂಡ ತಡವರಿಸಿದರೆ ಬಸ್ ಆ ತುದಿಯ 5 ವೋಲ್ಟನ್ನು ಗಟ್ಟಿಯಾಗಿ ನೆಚ್ಚಿಕೊಂಡಿದೆ. ಆಗ ಆ ತುದಿಯಲ್ಲಿ ತನ್ನದೇ 24 ವೋಲ್ಟ್ ಪಡೆಯುವ ಆ್ಯಕ್ಟಿವ್ ಟರ್ಮಿನೇಟರ್ ಹಾಕಿ, ಇಂಡಿಕೇಟರ್ ಕನೆಕ್ಟರ್‌ನ ಸ್ವಿಚ್ ಆಫ್ ಮಾಡಿ, ಎರಡೂ ಕಡೆ ಮತ್ತೆ ಓಮ್ ಅಳೆಯಿರಿ.